ಆಫರ್ ಕೈಯಲ್ಲಿ, ಇನ್ನೊಂದು ಇಂಟರ್‌ವ್ಯೂ ಬಾಕಿ

ನಮ್ಮ ಚಿಕ್ಕಪ್ಪನ ಮಗ ಕೊರೋನಾ ಮುಗಿದ್ಮೇಲೂ ಶಿರ್ಸಿ ಹತ್ರದ ಮನೆಯಿಂದ್ಲೇ ಕೆಲಸ ಮಾಡ್ತಾನೆ, ನಾಲ್ಕು ವರ್ಷ ಅನುಭವ, ಬ್ಯಾಕೆಂಡ್. ಹೋದ ತಿಂಗಳು ಒಂದು ಬುಧವಾರ ಅವನಿಗೆ ಎಚ್‌ಆರ್ ಕಾಲ್ ಬಂತು, ವರ್ಷಕ್ಕೆ 17 ಲಕ್ಷ ಸಿಟಿಸಿ, ಮೂವತ್ತು ದಿನದಲ್ಲಿ ಜಾಯಿನ್ ಆಗ್ಬೇಕು, ಶುಕ್ರವಾರದೊಳಗೆ ಹೇಳಿ ಅಂತ. ಇನ್ನೊಂದು ಕಂಪನೀಲಿ ಎರಡು ರೌಂಡ್ ಆಗಿ ಕೊನೇ ಮ್ಯಾನೇಜರ್ ರೌಂಡ್ ಮುಂದಿನ ಗುರುವಾರ ಇತ್ತು. ಈಗಿನ ಕೆಲಸದಲ್ಲಿ ನೋಟಿಸ್ 90 ದಿನ. ನಮ್ಮನೆ ಜಗಲಿಗೆ ಬಂದು ಕೂತು "ಅಣ್ಣಾ, ಅವಕ್ಕೆ ಈಗ ಎಂತ ಹೇಳವು?" ಅಂದ.

ನಾನು ಹೇಳಿದ್ದು ಇಷ್ಟೆ, ಇವತ್ತು ದುಡ್ಡಿನ ಮಾತೇ ಎತ್ಬೇಡ, ಟೈಮ್ ಕೇಳು. ಯಾಕಂದ್ರೆ ನೀನು ಒಂದು ನಂಬರ್ ಹೇಳಿ ಅವರು ಸರಿ ಅಂದ್ಬಿಟ್ರೆ ಆಮೇಲೆ ಇನ್ನೂ ಯೋಚನೆ ಮಾಡ್ತೆ ಅನ್ನೋಕೆ ಮುಖ ಇರೂದಿಲ್ಲ. ಸಂಬಳದಲ್ಲಿ ಯಾವುದಕ್ಕೆ ಎಷ್ಟು ಅನ್ನೋ ಬ್ರೇಕಪ್ ಬರವಣಿಗೇಲಿ ಕಳಿಸಿ, ಇನ್ನೊಂದು ಕಡೆ ಕೊನೇ ರೌಂಡ್ ಬಾಕಿ ಇದೆ, ಮಂಗಳವಾರ ಖಂಡಿತ ಹೇಳ್ತೇನೆ ಅಂತ ಮೇಲ್ ಹಾಕಿದ, ಒಪ್ಪಿದ್ರು. ಇಲ್ಲಿ ತುಂಬಾ ಜನ ಇನ್ನೊಂದು ಆಫರ್ ಇದೆ ಅಂತ ಸುಳ್ಳು ಹೇಳ್ತಾರೆ, ನಂಗೆ ಅದು ಸರಿ ಕಾಣೂದಿಲ್ಲ. ಲೆಟರ್ ತೋರ್ಸಿ ಅಂದ್ರೆ ಎಲ್ಲಿಂದ ತರೂದು? ಬಾಕಿ ಇರೋ ಇಂಟರ್‌ವ್ಯೂ ಹೆಸ್ರಲ್ಲಿ ಸಮಯ ಕೇಳೋಕೆ ಆಗ್ತದೆ, ಸಂಬಳ ಏರಿಸೋಕೆ ಆಗೂದಿಲ್ಲ. ಅದೇ ದಿನ ಆ ಇನ್ನೊಂದು ಕಂಪನಿಗೂ, ಕೈಯಲ್ಲಿ ಆಫರ್ ಇದೆ, ಮಂಗಳವಾರ ಉತ್ತರ ಕೊಡ್ಬೇಕು, ರೌಂಡ್ ಮುಂಚೆ ಮಾಡ್ಲಿಕ್ಕಾಗ್ತದಾ ಅಂತ ಬರೆದ. ಸೋಮವಾರಕ್ಕೆ ಹಾಕಿಕೊಟ್ರು.

ಬ್ರೇಕಪ್ ಬಂದ್ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹಿಂದ್ಗಡೆ ಬರ್ಕೊಂಡು ನೋಡಿದ್ವಿ. 17 ಲಕ್ಷದಲ್ಲಿ ಫಿಕ್ಸೆಡ್ 14.4 ಲಕ್ಷ, ಕೆಲಸ ನೋಡಿ ಕೊಡೋ ವೇರಿಯಬಲ್ 2 ಲಕ್ಷ, ಕಂಪನಿ ಕಡೆಯ ಪಿಎಫ್ 21,600, ಬೇಸಿಕ್‌ನ 4.81 ಪರ್ಸೆಂಟ್ ಲೆಕ್ಕದಲ್ಲಿ ಗ್ರಾಚ್ಯುಟಿ ಸುಮಾರು 34,600. ಅಂದ್ರೆ ತಿಂಗಳಿಗೆ ಬರೋದು 1.2 ಲಕ್ಷ, ಅದ್ರಲ್ಲಿ ಇವನ ಪಿಎಫು ಟ್ಯಾಕ್ಸು ಕಳೀಬೇಕು. ಗ್ರಾಚ್ಯುಟಿ ಅಂತೂ ಸಾಮಾನ್ಯವಾಗಿ ಐದು ವರ್ಷ ಇದ್ರೇ ಕೈಗೆ ಬರೂದು. ಹಾಗಾಗಿ ಕೇಳೂದಾದ್ರೆ ಫಿಕ್ಸೆಡ್‌ನಲ್ಲಿ ಕೇಳ್ಬೇಕು, ಸಿಟಿಸಿ ಒಂದು ಲಕ್ಷ ಜಾಸ್ತಿ ಮಾಡಿ ಅಂದ್ರೆ ಅದನ್ನ ವೇರಿಯಬಲ್‌ಗೆ ತುಂಬಿಬಿಡೋ ಸಾಧ್ಯತೆ ಇರ್ತದೆ.

ಈಗ ನೋಟಿಸ್ ವಿಷಯ, ಇದನ್ನ ಜನ ಬೇರೆ ಮಾತು ಅಂದ್ಕೊಳ್ತಾರೆ, ಆದ್ರೆ ಇದೂ ಸಂಬಳದ ಮಾತೇ. ಈಗಿನ ಕೆಲಸದಲ್ಲಿ ಅವನ ತಿಂಗಳ ಗ್ರಾಸ್ 75 ಸಾವಿರ, ಬೇಸಿಕ್ 37,500. ಮೂವತ್ತು ದಿನಕ್ಕೆ ಹೊರಟ್ರೆ ಅರವತ್ತು ದಿನ ಕಮ್ಮಿ, ಆ ದಿನಗಳ ದುಡ್ಡು ಕಂಪನಿಗೆ ಕಟ್ಟಿ ಹೊರಡೂದಕ್ಕೆ ಬೈಔಟ್ ಅಂತಾರೆ. ಗ್ರಾಸ್ ಮೇಲೆ ಹಿಡಿದ್ರೆ ಒಂದೂವರೆ ಲಕ್ಷ, ಬೇಸಿಕ್ ಮೇಲೆ ಹಿಡಿದ್ರೆ 75 ಸಾವಿರ, ಎಷ್ಟು ವ್ಯತ್ಯಾಸ ನೋಡಿ. ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ ತೆಗ್ಸಿದೆ, ಬೇಸಿಕ್ ಅಂತ್ಲೇ ಇತ್ತು. ಆದ್ರೆ ಅದ್ರ ಕೆಳಗೇ ಇನ್ನೊಂದು ಸಾಲು, ಬೈಔಟ್ ಒಪ್ಪೂದು ಬಿಡೂದು ಕಂಪನಿ ಇಷ್ಟ ಅಂತ. ದುಡ್ಡು ಕಟ್ತೇನೆ ಅಂದ ಮಾತ್ರಕ್ಕೆ ಬಿಟ್ಟು ಕಳಿಸ್ತಾರೆ ಅಂತ ಏನಿಲ್ಲ! ಹೇಳ್ದೆ ಕೇಳ್ದೆ ಬಿಟ್ರೆ ರಿಲೀವಿಂಗ್ ಲೆಟರ್ ಸಿಗೂದು ಕಷ್ಟ, ಅದಿಲ್ಲದೆ ಹೊಸ ಕಡೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿ ಬೀಳೂದು.

ಹಾಗಾಗಿ ಮರುದಿನ ಗುರುವಾರ ಆಫರ್ ಕೊಟ್ಟವರ ಹತ್ರ ಎಲ್ಲಾ ಒಂದೇ ಮೇಲ್‌ನಲ್ಲಿ ಕೇಳಿದ, ಎಚ್‌ಆರ್ ಮೇಲಿನವರ ಹತ್ರ ಪದೇ ಪದೇ ಹೋಗೋ ಹಾಗಾಗ್ಬಾರ್ದು ನೋಡಿ. ಫಿಕ್ಸೆಡ್ 16 ಲಕ್ಷ, ಜಾಯಿನಿಂಗ್ 45 ದಿನ, ಬೈಔಟ್ ದುಡ್ಡು ನೀವು ಕೊಡ್ಬೇಕು, ಮತ್ತೆ ಇಲ್ಲಿ ಬಿಡದೇ ಹೋದ್ರೆ 90 ದಿನಕ್ಕೆ ಬಂದ್ರೂ ಆಫರ್ ನಿಲ್ತದೆ ಅಂತ ಬರೆದು ಕೊಡಿ. ಈ ಕೊನೇದು ಅವನು ಬೇಡ ಅಂತಿದ್ದ, ನಾನೇ ಹಠ ಮಾಡಿ ಹಾಕ್ಸಿದೆ, ಯಾಕಂದ್ರೆ ನಾನು ಒಮ್ಮೆ ಡೇಟ್ ಆಮೇಲೆ ನೋಡೋಣ ಅನ್ನೋ ಫೋನ್ ಮಾತು ನಂಬಿ ರಾಜೀನಾಮೆ ಕೊಟ್ಟು, ಇಲ್ಲಿ ಬಿಡಲ್ಲ ಅಲ್ಲಿ ಕಾಯಲ್ಲ ಅಂತಾಗಿ ಎರಡು ತಿಂಗಳು ಮನೇಲಿ ಕೂತವ.

ಶನಿವಾರ ಉತ್ತರ ಬಂತು. ಫಿಕ್ಸೆಡ್ 15.3 ಲಕ್ಷ, 45 ದಿನ ಓಕೆ, ಅಗತ್ಯ ಬಿದ್ರೆ 90 ದಿನದ ತನಕ ಡೇಟ್ ಮುಂದೂಡ್ತೇವೆ, ಬೈಔಟ್ ಬಿಲ್ ತೋರ್ಸಿದ್ರೆ ಕೊಡ್ತೇವೆ, ಆದ್ರೆ ಒಂದು ವರ್ಷದೊಳಗೆ ಬಿಟ್ರೆ ವಾಪಸ್. ಬೇಸಿಕ್ ಲೆಕ್ಕದಲ್ಲಿ ನಲವತ್ತೈದು ದಿನಕ್ಕೆ 56,250, ಅದು ಸಂಬಳದ ಜೊತೆ ಬಂದು ಟ್ಯಾಕ್ಸ್ ಹಿಡೀತಾರೆ ಅನ್ನೋದು ಲೆಕ್ಕದಲ್ಲಿರಲಿ.

ಸೋಮವಾರ ಬೆಳಿಗ್ಗೆ ಆ ಕೊನೇ ರೌಂಡ್. ಮಳೆಗೆ ನೆಟ್ ಹೋಗಿ ಶಿರ್ಸಿ ಪೇಟೇಲಿ ಗೆಳೆಯನ ರೂಮಿಂದ ಕೊಟ್ಟ. ಚೆನ್ನಾಗೇ ಆಯ್ತು, ಆದ್ರೆ ಅವ್ರು ಅಪ್ರೂವಲ್‌ಗೆ ಇನ್ನೆರಡು ವಾರ ಬೇಕು ಅಂದ್ರು. ಅವನ ಮುಖ ಸಪ್ಪಗಾಯ್ತು, ಅಲ್ಲಿ ಕೆಲಸ ಅವನಿಗೆ ಜಾಸ್ತಿ ಇಷ್ಟ ಇತ್ತು. ಮೊದಲನೇದಕ್ಕೆ ಹೂಂ ಅಂದು, ಅದು ಬಂದ್ಮೇಲೆ ಇದನ್ನ ಬಿಡೂದು ಅಂತ ಒಂದು ದಾರಿ ಇದ್ದೇ ಇದೆ, ತುಂಬಾ ಜನ ಮಾಡ್ತಾರೆ. ನಂಗೆ ಅದು ಬೇಡ ಅನ್ಸಿತು, ಮೊದಲನೇ ಕಂಪನಿಯವ್ರು ಕೇಳಿದ್ದರಲ್ಲಿ ಹೆಚ್ಚಿನದಕ್ಕೆ ಒಪ್ಪಿ ಕಾದಿದ್ದಾರೆ. ಅವನೂ ಒಪ್ಪಿದ.

ಮಂಗಳವಾರ ತಿದ್ದಿದ ಆಫರ್ ಲೆಟರ್ ಬಂತು, ಓದಿ ಸಹಿ ಹಾಕಿದ, ಆ ಕಡೆಯವರಿಗೆ ಥ್ಯಾಂಕ್ಸ್ ಹೇಳಿ ಬೇಡ ಅಂತ ಬರೆದ, ಇಷ್ಟೆಲ್ಲಾ ಆದ್ಮೇಲೆ ಸಂಜೆ ರಾಜೀನಾಮೆ ಮೇಲ್. ಮ್ಯಾನೇಜರ್ 60 ದಿನಕ್ಕೆ ಬಿಡ್ತೇನೆ ಅಂದ್ರಂತೆ. ಡೇಟ್ ಹದಿನೈದು ದಿನ ಮುಂದೆ ಹೋಯ್ತು, ಲೆಟರ್‌ನಲ್ಲಿ ಬರೆಸ್ಕೊಂಡಿದ್ದಕ್ಕೆ ಯಾರೂ ಕೇಳ್ಲಿಲ್ಲ.