ಹದಿನೇಳು ತೂತಿನ ನೋಟಿಸು

“ಮಾನ್ಯರೇ, ತಾವು ವಾಸವಿರುವ ನಮ್ಮ ಮೊದಲನೇ ಮಹಡಿಯ ಮನೆಯ ಗೋಡೆಗಳಿಗೆ ನಮ್ಮ ಲಿಖಿತ ಅನುಮತಿ ಇಲ್ಲದೆ ಒಟ್ಟು 17 ತೂತುಗಳನ್ನು ಕೊರೆದಿರುವುದೂ, ಹಾಲ್‌ನ ಒಂದು ಗೋಡೆಗೆ ಕಡುನೀಲಿ ಬಣ್ಣ ಬಳಿದಿರುವುದೂ ನಮ್ಮ ಗಮನಕ್ಕೆ ಬಂದಿರುತ್ತದೆ. ಕರಾರು ಮುಗಿಯುವುದರೊಳಗೆ, ಅಂದರೆ ಇನ್ನು 15 ದಿನಗಳಲ್ಲಿ, ಮನೆಯನ್ನು ಮೂಲ ಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಅದರ ಖರ್ಚನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಾಗುವುದು. ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಕರಾರಿನಂತೆ ಪ್ರತ್ಯೇಕ.”

ಬೆಂಗಳೂರಿನ ಬನಶಂಕರಿಯಿಂದ ಹೊರಮಾವಿನವರೆಗೆ ಮನೆ ಮಾಲೀಕರ ಈ ಪತ್ರದಲ್ಲಿ ಹೆಸರು, ವಿಳಾಸ, ತೂತಿನ ಲೆಕ್ಕ ಬದಲಾಗುತ್ತದೆಯೇ ಹೊರತು ಒಕ್ಕಣೆ ಬದಲಾಗುವುದಿಲ್ಲ. ಇದರ ಜೀವವಿರುವುದು ಕೊನೆಯ ಸಾಲಿನಲ್ಲಿ. ಮೊದಲು ಬಾಡಿಗೆದಾರ ತನ್ನ ಖರ್ಚಿನಲ್ಲಿ ಗೋಡೆಯನ್ನು ಹೊಸದಾಗಿಸಬೇಕು. ಆಮೇಲೆ ಹೊಸದಾದ ಆ ಗೋಡೆಗೆ ಮಾಲೀಕರು ಪೇಂಟ್ ಹೊಡೆಸುತ್ತಾರೆ, ಅದೂ ಬಾಡಿಗೆದಾರನ ದುಡ್ಡಿನಲ್ಲೇ. 11 ತಿಂಗಳ ಕರಾರಿನಲ್ಲಿ “ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ” ಅನ್ನುವ ಷರತ್ತು ಒಂದು ಕಡೆ, “ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು” ಅನ್ನುವ ಷರತ್ತು ಇನ್ನೊಂದು ಕಡೆ ಇರುತ್ತವೆ. ಎರಡೂ ಒಂದೇ ಹಾಳೆಯಲ್ಲಿದ್ದರೂ ಒಂದರ ಮುಖ ಇನ್ನೊಂದು ನೋಡಿದ್ದಿಲ್ಲ.

ಮೊಳೆ ನಿಷೇಧವಿರುವ ಇದೇ ಹಾಲ್‌ನ ಗೋಡೆಯ ನಡುವೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಮಾಲೀಕರೇ ಹಾಕಿಸಿದ ಟಿವಿ ಪಾಯಿಂಟ್ ಇದೆ. ಪ್ಲಗ್ ಸಾಕೆಟ್ಟೂ ಕೇಬಲ್ ತೂತೂ ಅಲ್ಲೇ ಇವೆ. ಅಷ್ಟು ಎತ್ತರದ ಪಾಯಿಂಟು ಗೋಡೆಗೆ ನೇತುಹಾಕಿದ ಟಿವಿಗಲ್ಲದೆ ಬೇರೆ ಯಾವುದಕ್ಕೂ ಒದಗುವುದಿಲ್ಲ. ಕಿಟಕಿ ಇದೆ, ಪರದೆ ಕಂಬಿಗೆ ಬ್ರಾಕೆಟ್ ಇಲ್ಲ. ಅಡುಗೆಮನೆಯಲ್ಲಿ ವಾಟರ್ ಪ್ಯೂರಿಫೈಯರ್‌ಗೆಂದೇ ನಲ್ಲಿ ಬಿಟ್ಟಿದ್ದಾರೆ, ಅದನ್ನು ತೂಗುಹಾಕುವ ಏರ್ಪಾಡು ಇಲ್ಲ. ಬಾಡಿಗೆದಾರ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನೀರು ಶುದ್ಧ ಮಾಡಿಕೊಳ್ಳಲಿ ಎಂಬುದು ಕರಾರಿನ ಆಶಯವಿರಬಹುದು.

ಈಗ ತೂತುಗಳ ಲೆಕ್ಕಕ್ಕೆ ಬರೋಣ. ಟಿವಿ ಬ್ರಾಕೆಟ್‌ಗೆ ನಾಲ್ಕು, ಪರದೆ ಕಂಬಿಯ ಎರಡು ಬ್ರಾಕೆಟ್‌ಗೆ ನಾಲ್ಕು, ದೇವರ ಫೋಟೋದ ಹಲಗೆಗೆ ಎರಡು, ಪ್ಯೂರಿಫೈಯರ್‌ಗೆ ಟೈಲ್ಸ್ ಮೇಲೆ ಎರಡು. ಒಟ್ಟು ಹನ್ನೆರಡಾಯಿತು. ಮಿಕ್ಕ ಐದು ತೂತು ಹಿಂದಿನ ಬಾಡಿಗೆದಾರನ ವಂಶಾವಳಿಗೆ ಸೇರಿದವು. ಇದನ್ನು ಬಾಯಿಮಾತಿನಲ್ಲಿ ವಾದಿಸುವ ಅಗತ್ಯವೇ ಇಲ್ಲ, ಟಾರ್ಚ್ ಬಿಟ್ಟು ನೋಡಿದರೆ ಗೋಡೆಯೇ ಹೇಳುತ್ತದೆ. ಹೊಸ ತೂತಿನ ಅಂಚಿನಲ್ಲಿ ಬಣ್ಣ ಚಕ್ಕೆಯೆದ್ದು, ಒಳಗೆ ಗಾರೆಯ ಬೂದು ಬಣ್ಣ ನೇರವಾಗಿ ಕಾಣುತ್ತದೆ. ಹಳೆಯ ತೂತಿನಲ್ಲಿ ಬಣ್ಣ ಅಂಚನ್ನು ದಾಟಿ ಒಳಕ್ಕೆ ಇಳಿದು ಒಣಗಿರುತ್ತದೆ. ಅಂದರೆ ಕಳೆದ ಸಲ ಪೇಂಟ್ ಹೊಡೆದಾಗಲೇ ಆ ತೂತು ಅಲ್ಲಿತ್ತು ಎಂದರ್ಥ. ಒಂದೆರಡರಲ್ಲಿ ಪ್ಲಾಸ್ಟಿಕ್ ಪ್ಲಗ್ ಬದಲು ಮರದ ಗೂಟವೇ ಸಿಗಬಹುದು. ಈ ಐದರ ಫೋಟೋ ಹತ್ತಿರದಿಂದ ತೆಗೆದಿಟ್ಟುಕೊಂಡರೆ ನೋಟಿಸಿನ ಅಂಕಿ 12ಕ್ಕೆ ಇಳಿಯುತ್ತದೆ.

ಹನ್ನೆರಡರಲ್ಲಿ ಗೋಡೆಯ ಹತ್ತನ್ನು ಮುಚ್ಚುವುದು ಅರ್ಧ ದಿನದ ಕೆಲಸ, ಆದರೆ ಅದನ್ನು ಎರಡು ದಿನಕ್ಕೆ ಹಂಚಬೇಕು. ಮೊದಲು ಪ್ಲಗ್ ಹೊರಗೆ ಬರಬೇಕು. ಸ್ಕ್ರೂವನ್ನು ಅರ್ಧ ತಿರುಗಿಸಿ, ಅದರ ತಲೆಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಬರದಿದ್ದರೆ ಹಟ ಮಾಡಬಾರದು. ಅಲ್ಲಾಡಿಸಿ ಕಿತ್ತರೆ ಸುತ್ತಲಿನ ಗಾರೆ ಎದ್ದು, ಆರು ಮಿಲಿಮೀಟರ್ ತೂತು ಐದು ರೂಪಾಯಿ ನಾಣ್ಯದಷ್ಟಾಗುತ್ತದೆ. ಬಾರದ ಪ್ಲಗ್ಗಿನ ತುಟಿಯನ್ನು ಬ್ಲೇಡಿನಿಂದ ಕತ್ತರಿಸಿ, ಮೂರ್ನಾಲ್ಕು ಮಿಲಿಮೀಟರ್ ಒಳಕ್ಕೆ ತಳ್ಳಿ ಅಲ್ಲೇ ಸಮಾಧಿ ಮಾಡುವುದು ಜಾಣತನ. ಗೋಡೆ ಹಾಲೋ ಬ್ಲಾಕಿನದಾದರೆ ಪ್ಲಗ್ ಒಳಗಿರುವುದೇ ಒಳ್ಳೆಯದು. ಇಲ್ಲದಿದ್ದರೆ ತುಂಬಿದ ಪುಟ್ಟಿಯೆಲ್ಲ ಬ್ಲಾಕಿನ ಟೊಳ್ಳಿಗೆ ಬಿದ್ದು, ತೂತು ಮಾತ್ರ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಆಮೇಲೆ ಒಳಗಿನ ದೂಳು ಊದಿ ತೆಗೆದು, ತೂತನ್ನು ನೀರಿನಿಂದ ನೆನೆಸಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಒಣ ಗಾರೆ ಪುಟ್ಟಿಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಪುಟ್ಟಿ ಬಿರುಕು ಬಿಟ್ಟು ಉದುರುತ್ತದೆ. ಬಿಳಿ ಸಿಮೆಂಟಿನ ಪುಟ್ಟಿ ಒಂದು ಕಿಲೋ ತಂದರೆ ಹತ್ತು ತೂತಿಗೆ ಬಳಸಿ ಮುಕ್ಕಾಲು ಪಾಲು ಉಳಿಯುತ್ತದೆ. ಆಳವಾದ ತೂತನ್ನು ಒಂದೇ ಸಲಕ್ಕೆ ತುಂಬಿದರೆ ಒಣಗುವಾಗ ಕುಗ್ಗಿ ಗುಳಿ ಬೀಳುತ್ತದೆ. ಆದ್ದರಿಂದ ಇವತ್ತು ಮುಕ್ಕಾಲು ತುಂಬಿ, ನಾಳೆ ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬುವಂತೆ ಇನ್ನೊಂದು ಕೈ ಹಾಕಿ, ಒಣಗಿದ ಮೇಲೆ 220ನೇ ನಂಬರಿನ ಎಮರಿ ಪೇಪರ್‌ನಲ್ಲಿ ಉಜ್ಜಬೇಕು. ಕಣ್ಣಿಗಿಂತ ಬೆರಳನ್ನು ನಂಬಿ. ಬೆರಳು ಸವರಿದಾಗ ಏರು ಸಿಕ್ಕರೆ ಪೇಂಟ್ ಹೊಡೆದ ಮೇಲೆ ಸಂಜೆಯ ಓರೆ ಬೆಳಕಿನಲ್ಲಿ ಅದು ಕಂಡೇ ಕಾಣುತ್ತದೆ.

ಟೈಲ್ಸ್ ಮೇಲಿನ ಎರಡು ತೂತಿಗೆ ಮಾತ್ರ ಮೂಲ ಸ್ಥಿತಿ ಅನ್ನುವುದಿಲ್ಲ. ಅದೇ ಲಾಟಿನ ಟೈಲ್ಸ್ ಅಂಗಡಿಯಲ್ಲಿ ಉಳಿದಿರುವ ಸಂಭವ ಕಡಿಮೆ, ಸಿಕ್ಕರೂ ಹಳೆಯದನ್ನು ಒಡೆದು ತೆಗೆಯುವಾಗ ಪಕ್ಕದ್ದಕ್ಕೆ ಏಟು ಬೀಳುತ್ತದೆ. ಬಿಳಿ ಸಿಮೆಂಟಿಗೆ ಟೈಲ್ಸ್ ಬಣ್ಣದ ಪುಡಿ ಬೆರೆಸಿ ತುಂಬಿ ಕೈಮುಗಿಯಬೇಕಷ್ಟೆ. ಟೈಲ್ಸ್ ನಡುವಿನ ಸಂದಿಯಲ್ಲೇ ಕೊರೆದಿದ್ದರೆ ಈ ಪ್ರಮೇಯ ಬರುತ್ತಿರಲಿಲ್ಲ. ಇಲ್ಲಿ ಮಾಲೀಕರ ಸಿಟ್ಟಿಗೆ ಅರ್ಥವಿದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಕೊರೆಯುವವರ ಮೇಲಿನ ಸಿಟ್ಟಿಗೂ ಅರ್ಥವಿದೆ, ಒಳಗಿನ ವೈರಿನ ಪೈಪು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಏರುತ್ತದೆ.

ಇನ್ನು ಕಡುನೀಲಿ ಗೋಡೆ. ಅಗಲ 12 ಅಡಿ, ಎತ್ತರ 10 ಅಡಿ, ಒಟ್ಟು 120 ಚದರ ಅಡಿ. ಇದನ್ನು “ಮೂಲ ಬಣ್ಣ”ಕ್ಕೆ ತರಬೇಕಂತೆ. ಯಾವ ಬಣ್ಣವೆಂದು ಕೇಳಿದರೆ “ಕ್ರೀಮ್ ಕಣ್ರೀ, ನಿಮಗೆ ಗೊತ್ತಿಲ್ವ?” ಎಂಬ ಉತ್ತರ ಬರುತ್ತದೆ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಕ್ರೀಮ್ ಅನ್ನುವುದು ಬಣ್ಣವಲ್ಲ, ಒಂದು ದೊಡ್ಡ ಅವಿಭಕ್ತ ಕುಟುಂಬ. ಮಷಿನ್ನಿನಲ್ಲಿ ಬೆರೆಸಿಕೊಡಲು ಕೋಡ್ ಬೇಕು, ಕೋಡ್ ಬರೆದಿಟ್ಟ ಮಾಲೀಕರು ಅಪರೂಪ. ದಾರಿ ಒಂದಿದೆ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಸ್ವಿಚ್ ಬೋರ್ಡಿನ ಮುಖಫಲಕ ತೆಗೆಸಿದರೆ ಅದರಡಿ ಬಿಸಿಲು, ದೂಳು, ಒಗ್ಗರಣೆ ಹೊಗೆ ತಾಗದ ಬಣ್ಣದ ಅಂಚು ಸಿಗುತ್ತದೆ. ಹೆಬ್ಬೆರಳಿನಷ್ಟಗಲದ ಚಕ್ಕೆ ಎಬ್ಬಿಸಿಕೊಂಡು ಹೋದರೆ ಅಂಗಡಿಯವರು ಹೊಂದಿಸಿಕೊಡುತ್ತಾರೆ. ತಮಾಷೆಯೆಂದರೆ, ಆ ಮೂಲ ಬಣ್ಣ ಈಗ ಮನೆಯ ಬೇರೆ ಯಾವ ಗೋಡೆಯ ಮೇಲೂ ಇರುವುದಿಲ್ಲ. ಉಳಿದ ಗೋಡೆಗಳು ಅಷ್ಟರಲ್ಲಿ ಮಾಸಿರುತ್ತವೆ.

ನೀಲಿಯ ಮೇಲೆ ನೇರವಾಗಿ ಕ್ರೀಮ್ ಹೊಡೆದರೆ ಮೂರನೇ ಕೋಟಿನಲ್ಲೂ ಕೆಳಗಿನ ನೀಲಿ ಇಣುಕುತ್ತದೆ. ಮೊದಲು ಎಮರಿ ಪೇಪರ್‌ನಲ್ಲಿ ಹೊಳಪು ಮುರಿದು, ಎರಡು ಕೋಟ್ ಬಿಳಿ ಪ್ರೈಮರ್, ಆಮೇಲೆ ಎರಡು ಕೋಟ್ ಎಮಲ್ಷನ್. ಈ ಗೋಡೆಗೆ ಪ್ರೈಮರ್ ಎರಡು ಲೀಟರ್, ಎಮಲ್ಷನ್ ಎರಡು ಲೀಟರ್ ಸಾಕು. ಮೂಲೆಯಿಂದ ಮೂಲೆಯವರೆಗೆ ಪೂರಾ ಹೊಡೆಯಬೇಕು, ನಡುವೆ ನಿಲ್ಲಿಸಿದರೆ ಅದೇ ಡಬ್ಬಿಯ ಬಣ್ಣವೂ ತೇಪೆಯಾಗಿ ಕಾಣುತ್ತದೆ.

ಕೆಲಸಕ್ಕೆ ಮೊದಲು ಇನ್ನೊಂದು ಪರೀಕ್ಷೆ. ಮಾಲೀಕರು “ಪ್ರೀಮಿಯಂ ಪೇಂಟು” ಎಂದು ಹೇಳಿಕೊಂಡ ಪಕ್ಕದ ಗೋಡೆಗೆ ಅಂಗೈ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ಅದು ಅಗ್ಗದ ಡಿಸ್ಟೆಂಪರ್. ಅಂಥ ಪುಡಿಯೇಳುವ ಡಿಸ್ಟೆಂಪರ್ ಮೇಲೆಯೇ ನೀಲಿ ಎಮಲ್ಷನ್ ಬಳಿದಿದ್ದರೆ ಟೇಪ್ ಅಂಟಿಸಿ ಕಿತ್ತಾಗ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. ಆಗ ಹೊಸ ಪ್ರೈಮರ್ ಏನೂ ಉಳಿಸುವುದಿಲ್ಲ, ಪಟ್ಟಿಯಲ್ಲಿ ಕೆರೆದು ಗಾರೆ ಮುಟ್ಟುವುದೇ ಸರಿ. ಇದು ಬಾಡಿಗೆದಾರನ ತಲೆಗೇ ಬರುವ ಖರ್ಚು.

ಕೆರೆಯುವ ಕೆಲಸ ಇಲ್ಲದಿದ್ದರೆ ಸಾಮಾನು, ಒಬ್ಬ ಪೇಂಟರ್‌ನ ಎರಡು ದಿನದ ಕೂಲಿ ಸೇರಿ ಎಲ್ಲವೂ ಸುಮಾರು ಐದು ಸಾವಿರದೊಳಗೆ ಮುಗಿಯುತ್ತದೆ. ಮನೆ ಬಾಡಿಗೆ 25 ಸಾವಿರ ಎಂದಿಟ್ಟುಕೊಂಡರೆ ಪೇಂಟಿಂಗ್ ಹೆಸರಿನಲ್ಲಿ ಮುರಿಯುವುದು ಅದರ ಐದು ಪಟ್ಟು. ಆ ದುಡ್ಡಿನಲ್ಲಿ ಆಗುವ ಕೆಲಸವನ್ನೂ ನೋಡಿ. ನೀರು ಜಾಸ್ತಿ ಬೆರೆಸಿದ ಒಂದೇ ಕೋಟು. ಅದರಲ್ಲೇ ಸ್ವಿಚ್ಚು, ಕಿಟಕಿ ಚಿಲಕ, ಸ್ಕರ್ಟಿಂಗ್ ಕಲ್ಲು, ಸತ್ತ ಹಲ್ಲಿಯ ಬಾಲ ಎಲ್ಲಕ್ಕೂ ಸಮಾನ ನ್ಯಾಯ. ಮುಂದಿನ ಬಾಡಿಗೆದಾರನಿಗೆ ಇದೇ “ಮೂಲ ಸ್ಥಿತಿ”.

ಕಾನೂನು ಇಷ್ಟು ಕ್ರೂರವಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು ನಿಜ. ಆದರೆ ಸಹಜ ಬಳಕೆಯ ಸವೆತಕ್ಕೆ ವಿನಾಯಿತಿ ಇದೆ. ಮಾಸಿದ ಗೋಡೆ ಸವೆತ, ನೀಲಿ ಗೋಡೆ ಸವೆತವಲ್ಲ. ಬಾಡಿಗೆದಾರನಿಂದಾದ ದೋಷವನ್ನು ಮಾಲೀಕ ತಿಳಿಸಿದರೆ ಸರಿಪಡಿಸಲು ಮೂರು ತಿಂಗಳ ಅವಕಾಶವೂ ಅದೇ ಸೆಕ್ಷನ್ನಿನಲ್ಲಿದೆ, ನೋಟಿಸಿನ 15 ದಿನ ಅಲ್ಲಿಯದಲ್ಲ. ಆದರೆ ಸೆಕ್ಷನ್ನಿನ ಬಾಗಿಲಲ್ಲೇ ಒಂದು ಮಾತಿದೆ: ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಬೇರೆ ಹೇಳದಿದ್ದರೆ ಮಾತ್ರ ಇವೆಲ್ಲ ಅನ್ವಯ. ಬೆಂಗಳೂರಿನ ಒಂದು ತಿಂಗಳ ಪೇಂಟಿಂಗ್ ಆ ಸಂದಿಯಲ್ಲೇ ಸೋಫಾ ಹಾಕಿಕೊಂಡು ಕೂತಿದೆ.

ಹಾಗಾಗಿ ಸಹಿ ಹಾಕಿದವನು ಷರತ್ತೇ ಸುಳ್ಳು ಎಂದು ಕೂಗಾಡಿ ಪ್ರಯೋಜನವಿಲ್ಲ. ಎರಡರಲ್ಲಿ ಒಂದು ಎಂದು ಹಿಡಿಯುವುದೇ ಪಟ್ಟು. ಉತ್ತರ ನಾಲ್ಕು ಸಾಲಿನಲ್ಲಿರಲಿ, ವಾಟ್ಸ್ಆ್ಯಪ್‌ನಲ್ಲೂ ಹೋಗಲಿ, ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ:

“ಸಾರ್, ನಿಮ್ಮ ಪತ್ರ ತಲುಪಿತು. 17ರಲ್ಲಿ 5 ತೂತು ನಾವು ಬರುವ ಮೊದಲಿನವು, ಫೋಟೋ ಲಗತ್ತಿಸಿದೆ. ಉಳಿದ 12 ತೂತು ಮತ್ತು ನೀಲಿ ಗೋಡೆಯನ್ನು ನಾವೇ ಸರಿ ಮಾಡಿಸಿ, ಬಿಲ್ ಮತ್ತು ಫೋಟೋ ಕೊಡುತ್ತೇವೆ. ಹಾಗೆ ಮಾಡಿಸಿದರೆ ಪೇಂಟಿಂಗ್‌ನ ಒಂದು ತಿಂಗಳಲ್ಲಿ ಆ ಖರ್ಚು ವಜಾ ಆಗಬೇಕು. ಪೂರ್ತಿ ತಿಂಗಳು ಹಿಡಿಯುವುದಾದರೆ ಗೋಡೆ ಇದ್ದ ಹಾಗೇ ಬಿಟ್ಟುಕೊಡುತ್ತೇವೆ. ಯಾವುದೆಂದು ಭಾನುವಾರದೊಳಗೆ ತಿಳಿಸಿ.”

ಇದಕ್ಕೆ ಬರುವ ಉತ್ತರವೂ ಊರಿಗೆಲ್ಲ ಒಂದೇ. ತೂತಿನ ಸುದ್ದಿ ಇರುವುದಿಲ್ಲ, ಬಣ್ಣದ ಸುದ್ದಿಯೂ ಇರುವುದಿಲ್ಲ. “ಮನೆ ನೋಡೋಕೆ ಶನಿವಾರ ಬ್ರೋಕರ್ ಬರ್ತಾರೆ, ಕೀಲಿ ಕೊಟ್ಟಿರಿ. ಹೊಸಬರು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮ ಲೆಕ್ಕ ನೋಡೋಣ. ಅಂದ್ಹಾಗೆ, ಆ ಟಿವಿ ಬ್ರಾಕೆಟ್ ಬಿಚ್ಚಬೇಡಿ, ಬರೋರಿಗೆ ಬೇಕಂತೆ.”