ಓಟಿಪಿ ಇದೆಯಲ್ಲ ಎನ್ನುವವರಿಗೆ

ಚಾನೆಲ್ಲಿಗೆ ಓಟಿಪಿ ಇಟ್ಟಾಗಿದೆ, ಇನ್ನೇನೂ ಆಗುವುದಿಲ್ಲ ಎನ್ನುವ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಶಿರಸಿ, ಕುಮಟಾ, ಹೊನ್ನಾವರದ ಕಡೆ ತಾಳಮದ್ದಲೆ, ಬಯಲಾಟಗಳನ್ನು ಯೂಟ್ಯೂಬಿಗೆ ಹಾಕುವ ಕೆಲವು ಕೂಟಗಳಿಗೆ ನಾನು ಎಡಿಟಿಂಗ್ ಮಾಡಿಕೊಡುತ್ತೇನೆ. ಹೆಚ್ಚಿನ ಕಡೆ ವ್ಯವಸ್ಥೆ ಒಂದೇ: ಒಂದು ಜಿಮೇಲ್, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಿನ್ ಮಾಡಿಟ್ಟ ಒಂದು ಪಾಸ್‌ವರ್ಡ್, ಯಾರಾದರೂ ಲಾಗಿನ್ ಆಗುವಾಗ ಕಾರ್ಯದರ್ಶಿಗಳು ತಮ್ಮ ಫೋನಿಗೆ ಬಂದ ಓಟಿಪಿಯನ್ನು ಅದೇ ಗುಂಪಿಗೆ ಹಾಕುವುದು. ಇದನ್ನು ಎರಡು ಹಂತದ ಪರಿಶೀಲನೆ ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಇತ್ತೀಚೆಗೆ ಇಂಥದೇ ಒಂದು ಕೂಟದ ಚಾನೆಲ್ ರಾತ್ರಿ ಬೆಳಗಾಗುವುದರೊಳಗೆ ಹೋಯಿತು. ಸದಸ್ಯರೊಬ್ಬರ ಅಂಗಡಿಯ ಕಂಪ್ಯೂಟರಿನಲ್ಲಿ ಚಾನೆಲ್ ಸದಾ ಲಾಗಿನ್ ಆಗಿಯೇ ಇರುತ್ತಿತ್ತು. ವಿಡಿಯೋ ಎಡಿಟಿಂಗ್ ತಂತ್ರಾಂಶವೊಂದರ ಪ್ರಾಯೋಜಕತ್ವ ಕೊಡುತ್ತೇವೆ ಎಂಬ ಮೇಲ್ ಬಂತು. ಅದರಲ್ಲೊಂದು ಜಿಪ್ ಫೈಲ್, ಅದನ್ನು ತೆರೆಯುವ ಪಾಸ್‌ವರ್ಡ್ ಕೂಡ ಆ ಮೇಲಿನಲ್ಲೇ. ಜಿಪ್ಪಿಗೆ ಬೀಗ ಹಾಕುವುದೇ ಮೇಲ್ ಸೇವೆಯ ವೈರಸ್ ತಪಾಸಣೆಗೆ ಒಳಗಿರುವುದು ಕಾಣಬಾರದೆಂದು. ಒಳಗಿದ್ದ ಫೈಲಿನ ಪೂರ್ಣ ಹೆಸರು `agreement.pdf.scr`. ವಿಂಡೋಸ್ ಮೊದಲಿನಿಂದಲೇ ಕೊನೆಯ ವಿಸ್ತರಣೆಯನ್ನು ಮುಚ್ಚಿಡುವುದರಿಂದ ಅವರಿಗೆ ಕಂಡದ್ದು ಪಿಡಿಎಫ್ ಮಾತ್ರ. ಆದರೆ `.scr` ಎಂದರೆ ಕಾಗದಪತ್ರವಲ್ಲ, ಓಡುವ ಪ್ರೋಗ್ರಾಂ. ಕರಾರುಪತ್ರವೊಂದು ನೂರಾರು ಎಂಬಿ ತೂಗುವುದಾದರೂ ಹೇಗೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ತಪಾಸಣಾ ತಾಣಗಳ ಮಿತಿ ಮೀರಲೆಂದೇ ಫೈಲನ್ನು ಹಾಗೆ ಉಬ್ಬಿಸುತ್ತಾರೆ.

ಆ ಪ್ರೋಗ್ರಾಂ ಪಾಸ್‌ವರ್ಡನ್ನೂ ಕೇಳಲಿಲ್ಲ, ಓಟಿಪಿಯನ್ನೂ ಕೇಳಲಿಲ್ಲ. ಈ ವ್ಯಕ್ತಿ ಆಗಲೇ ಒಳಗೆ ಬಂದವನು ಎಂದು ಗೂಗಲ್ ಗುರುತಿಸಲು ಬ್ರೌಸರ್ ಇಟ್ಟುಕೊಂಡಿರುವ ಕುಕೀಗಳನ್ನು ಎತ್ತಿ ಕಳ್ಳನಿಗೆ ಕಳುಹಿಸಿತು. ದೇವಸ್ಥಾನದ ಒಳಗೆ ಹೋಗಿ ಬಂದವನ ಕೈಯಲ್ಲಿದ್ದ ಪಾಸನ್ನು ಇನ್ನೊಬ್ಬ ಕಿತ್ತುಕೊಂಡರೆ ಬಾಗಿಲಲ್ಲಿ ಅವನನ್ನು ಯಾರು ತಡೆಯುತ್ತಾರೆ? 2021ರ ಅಕ್ಟೋಬರಿನಲ್ಲಿ ಗೂಗಲ್‌ನ ಭದ್ರತಾ ತಂಡವೇ ಈ ತಂತ್ರವನ್ನು ವಿವರವಾಗಿ ಬರೆದಿತ್ತು. ಮರು ತಿಂಗಳಿನಿಂದ ಹಣ ಗಳಿಸುವ ಚಾನೆಲ್‌ಗಳಿಗೆ ಎರಡು ಹಂತದ ಪರಿಶೀಲನೆ ಕಡ್ಡಾಯವೂ ಆಯಿತು. ಅದು ಬೇಕೇ ಬೇಕು, ಆದರೆ ಅದು ತಡೆಯುವುದು ಲಾಗಿನ್ನಿನ ಹೊತ್ತಿನ ಕಳ್ಳತನವನ್ನು. ಅದನ್ನೂ ಓಟಿಪಿ ಪೂರ್ತಿ ತಡೆಯುವುದಿಲ್ಲ: ನಕಲಿ ಲಾಗಿನ್ ಪುಟದಲ್ಲಿ ನೀವೇ ಬೆರಳಚ್ಚಿಸಿದ ಓಟಿಪಿ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟುತ್ತದೆ. ಪಾಸ್‌ವರ್ಡಿನ ಬದಲು ಫೋನಿನ ಬೀಗ ತೆರೆದಂತೆಯೇ ಲಾಗಿನ್ ಆಗುವ ಪಾಸ್‌ಕೀ ಇದ್ದರೆ ಆ ಮೋಸ ನಡೆಯುವುದಿಲ್ಲ, ಏಕೆಂದರೆ ಅದು ಬೇರೆ ವಿಳಾಸದ ಪುಟಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಕುಕೀ ಕಳ್ಳತನದ ಮುಂದೆ ಮಾತ್ರ ಪಾಸ್‌ಕೀ ಕೂಡ ಕೈಚೆಲ್ಲುತ್ತದೆ.

ಹಾಗಾದರೆ ಏನು ಮಾಡಬೇಕಿತ್ತು ಎಂದು ಈಗ ಕೇಳುತ್ತಾರೆ. ನಾನು ಮೊದಲಿನಿಂದ ಬಾಯಿ ಬಡಿದುಕೊಂಡದ್ದೇ ಇದಕ್ಕೆ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬುದಿದೆ, ಅಲ್ಲಿ ಒಬ್ಬೊಬ್ಬರನ್ನೂ ಅವರವರ ಇ-ಮೇಲಿನಿಂದ ಸೇರಿಸಿ ಎಡಿಟರ್ ಎಂದೋ ವೀಕ್ಷಕ ಎಂದೋ ಪಾತ್ರ ಕೊಡಬಹುದು. ಅಂಗಡಿಯವರು ಎಡಿಟರ್ ಆಗಿದ್ದರೆ ಕಳ್ಳನಿಗೆ ಸಿಗುತ್ತಿದ್ದುದೂ ಎಡಿಟರನ ಅಧಿಕಾರ ಮಾತ್ರ. ಅವನೊಂದಿಷ್ಟು ಹಾವಳಿ ಮಾಡುತ್ತಿದ್ದ, ನಿಜ. ಆದರೆ ಚಾನೆಲ್ ಅಳಿಸಲಾಗಲಿ, ಉಳಿದವರನ್ನು ಹೊರಹಾಕಲಾಗಲಿ ಆಗುತ್ತಿರಲಿಲ್ಲ, ಮಾಲೀಕರು ಒಂದು ಕ್ಲಿಕ್ಕಿನಲ್ಲಿ ಅವನನ್ನು ತೆಗೆಯಬಹುದಿತ್ತು. "ಅದೆಲ್ಲ ಯಾರಿಗೆ ಬೇಕು ಮಾರಾಯ, ಪಾಸ್‌ವರ್ಡ್ ಕೊಟ್ಟರೆ ಮುಗೀತು" ಎಂದವರೇ, ಚಾನೆಲ್ಲಿನ ಹೆಸರು ಅಳಿಸಿ ಬಿಟ್‌ಕಾಯಿನ್ ದುಪ್ಪಟ್ಟು ಮಾಡುವ ನೇರಪ್ರಸಾರ ಶುರುವಾದಾಗ ನಡುರಾತ್ರಿ ನನಗೆ ಫೋನ್ ಮಾಡಿದವರು.

ಆ ರಾತ್ರಿಯೂ ಒಬ್ಬೊಬ್ಬರದು ಒಂದೊಂದು ಗಡಿಬಿಡಿ. ಅಂಗಡಿಯವರು ಅದೇ ಕಂಪ್ಯೂಟರಿನಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸಲು ಹೊರಟಿದ್ದರು. ವೈರಸ್ ಒಳಗೇ ಕುಳಿತಿರುವಾಗ ಹೊಸ ಪಾಸ್‌ವರ್ಡೂ ಕಳ್ಳನ ಕೈಗೇ ಹೋಗುತ್ತದಲ್ಲ! ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಕೀಳಿಸಿದೆ. ಆಮೇಲೆ ಕಾರ್ಯದರ್ಶಿಗಳು ದಿನವೂ ಬಳಸುವ ಫೋನಿನಲ್ಲಿ, ಅವರ ಮನೆಯಲ್ಲೇ ಕುಳಿತು `g.co/recover` ತೆರೆದೆವು, ಏಕೆಂದರೆ ಪರಿಚಿತ ಸಾಧನ, ಪರಿಚಿತ ಜಾಗ ಎಂಬುದನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಳ್ಳ ರಿಕವರಿ ಫೋನ್ ನಂಬರ್ ಬದಲಿಸಿದ್ದರೂ ಹಳೆಯ ನಂಬರು ಏಳು ದಿನಗಳವರೆಗೆ ನಡೆಯುತ್ತದೆ. ನಮ್ಮನ್ನು ಉಳಿಸಿದ್ದೂ ಅದೇ. ಖಾತೆ ಸಿಕ್ಕ ಮೇಲೆ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಕಳ್ಳ ಸೇರಿಸಿದ್ದ ನಂಬರು ತೆಗೆದು, ಪರ್ಮಿಷನ್ಸ್‌ನಲ್ಲಿ ಅಪರಿಚಿತ ಮೇಲ್‌ಗಳಿವೆಯೇ ಎಂದು ನೋಡಿ, ಆಮೇಲಷ್ಟೇ ಯೂಟ್ಯೂಬಿನ ಸಹಾಯ ತಂಡಕ್ಕೆ ಬರೆದೆವು. ತಾಳಮದ್ದಲೆಯ ವಿಡಿಯೋಗಳನ್ನು ಕಳ್ಳ ಪ್ರೈವೇಟ್ ಮಾಡಿದ್ದನಷ್ಟೇ, ಅಳಿಸಿರಲಿಲ್ಲ. ಅಂಗಡಿಯ ಕಂಪ್ಯೂಟರಿಗೆ ವಿಂಡೋಸನ್ನು ಹೊಸದಾಗಿ ಹಾಕಿಸಬೇಕಾಯಿತು.

ಈಗ ಎಲ್ಲರಿಗೂ ಅವರವರ ಪಾತ್ರದ ಆಹ್ವಾನ ಮೇಲಿಗೆ ಹೋಗಿದೆ. ಒಬ್ಬರೂ ಸ್ವೀಕರಿಸಿಲ್ಲ. ಹೊಸ ಪಾಸ್‌ವರ್ಡ್ ಏನು ಎಂದು ಕೇಳಿದವರು ಮಾತ್ರ ಗುಂಪಿನಲ್ಲಿ ಸಾಕಷ್ಟಿದ್ದಾರೆ.