ಬಾಗಿಲ ಮೇಲೆ ‘ನಾಳೆ ಬಾ’ ಬರೆಯುವ ಎಂಜಿನ್

ಭಾನುವಾರ ಮಕ್ಕಳ ಚೆಸ್ ಟೂರ್ನಮೆಂಟ್‌ ನೋಡೋಕೆ ಹೋಗಿ ಬಿಪಿ ಏರಿಸಿಕೊಂಡು ಬಂದಿದ್ದೇನೆ. ಅದನ್ನು ಇಲ್ಲಿ ಇಳಿಸದೆ ನಿದ್ದೆ ಬರೋದಿಲ್ಲ.

ಹಾಲ್‌ ಹೊರಗೆ ಒಬ್ಬ ಅಪ್ಪ. ಎದುರಿಗೆ ಹತ್ತು ವರ್ಷದ ಹುಡುಗ, ಆಗಷ್ಟೇ ಡ್ರಾ ಮಾಡಿ ಎದ್ದು ಬಂದವನು. ಅಪ್ಪನ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಚೆಸ್ ಲೆಕ್ಕ ಹಾಕುವ ಎಂಜಿನ್ನು. "ಪ್ಲಸ್ ಎರಡು ಇತ್ತಲ್ಲೋ! ಎರಡು ಪಾನ್ ಜಾಸ್ತಿ ಇಟ್ಕೊಂಡು ಡ್ರಾ ಕೊಟ್ಟು ಬಂದಿದೀಯಲ್ಲ!" ಹುಡುಗ ಮೆಲ್ಲಗೆ, "ಅಪ್ಪಾ, ಒಳಗೆ ನುಗ್ಗೋಕೆ ದಾರೀನೇ ಇರ್ಲಿಲ್ಲ" ಅಂದ. "ಕಂಪ್ಯೂಟರ್‌ಗಿಂತ ನಿಂಗೆ ಜಾಸ್ತಿ ಗೊತ್ತಾ?"

ಹೌದು ಸ್ವಾಮಿ, ಗೊತ್ತಿತ್ತು. ಅವತ್ತು, ಆ ಬೋರ್ಡ್ ಮೇಲೆ, ಆ ಹುಡುಗನಿಗೆ ಜಾಸ್ತಿ ಗೊತ್ತಿತ್ತು. ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ನನ್ನ ಬಾಯಿಯ ವಿಷಯ ನಿಮಗೆ ಗೊತ್ತೇ ಇದೆಯಲ್ಲ.

ಆ ‘ಪ್ಲಸ್ ಎರಡು’ ಅಂದರೆ ಏನು ಅಂತ ಒಮ್ಮೆಯಾದರೂ ಕೇಳಿಕೊಳ್ಳಬೇಡವೇ? ಎಂಜಿನ್ ಇಂತಿಷ್ಟು ಮೂವ್ ಮುಂದಕ್ಕೆ ನೋಡುತ್ತೆ, ಒಂದು ಕಡೆ ನಿಲ್ಲುತ್ತೆ, ನಿಂತ ಜಾಗದಲ್ಲಿ ಕಾಣುವುದಕ್ಕೆ ಒಂದು ಅಂಕಿ ಹಾಕುತ್ತೆ. ಅಷ್ಟೇ. ನಿಂತ ಜಾಗದಿಂದ ಒಂದೇ ಹೆಜ್ಜೆ ಆಚೆ ಹೊಂಡ ಇದ್ದರೂ ಅಂಕಿಯಲ್ಲಿ ಅದು ಕಾಣುವುದಿಲ್ಲ. ಇದಕ್ಕೆ ‘ಹೊರೈಜನ್ ಎಫೆಕ್ಟ್’ ಅಂತ ಹೆಸರಿಟ್ಟು 1973ರಲ್ಲಿ ಬರೆದವನು ಹ್ಯಾನ್ಸ್ ಬರ್ಲಿನರ್. ಕಂಪ್ಯೂಟರ್ ವಿಜ್ಞಾನಿ, ಜೊತೆಗೆ ಅಂಚೆ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು.

ಹೊಂಡ ಕಾಣದಿರುವುದು ದೊಡ್ಡ ವಿಷಯವಲ್ಲ, ನಮಗೂ ಕಾಣಲ್ಲ. ಮಜಾ ಇರುವುದು ಬೇರೆ ಕಡೆ. ಹೊಂಡ ಕಂಡಾಗ ಎಂಜಿನ್ ಅದನ್ನು ತನ್ನ ಕಣ್ಣಳತೆಯಿಂದ ಆಚೆ ತಳ್ಳಲು ನೋಡುತ್ತೆ. ನಮ್ಮ ಅಜ್ಜಿಯ ಊರಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಅದೇ ಕೆಲಸ. ಇವತ್ತು ಬರಲಿಲ್ಲ, ಹಾಗಾಗಿ ದೆವ್ವವೇ ಇಲ್ಲ!

ಒಂದು ಉದಾಹರಣೆ ಕೊಡ್ತೀನಿ. ಬೋರ್ಡ್ ಇದ್ದವರು ಜೋಡಿಸಿಕೊಳ್ಳಿ.

```
1.e4 e5 2.Nf3 Nc6 3.Bb5 a6 4.Ba4 d6
5.d4 b5 6.Bb3 Nxd4 7.Nxd4 exd4
```

ಈಗ ಬಿಳಿಯ ಸರದಿ. d4ನಲ್ಲಿ ಪಾನ್ ಇದೆ, ಕ್ವೀನ್‌ನಿಂದ ಹೊಡೆದರೆ ಲೆಕ್ಕ ಸಮ. ಹೊಡೆಯಿರಿ: 8.Qxd4. ಕಪ್ಪು c5 ಅಂತ ಕ್ವೀನ್ ಮೇಲೆ ಬೀಳುತ್ತೆ. ಮುಂದೆ c4 ಬಂದರೆ b3ಯಲ್ಲಿರುವ ಬಿಷಪ್‌ಗೆ ಹೋಗಲು ಜಾಗವಿಲ್ಲ, ಕಥೆ ಮುಗಿಯಿತು. ಆದರೆ ಬಿಳಿ 9.Qd5 ಆಡುತ್ತೆ: f7ನಲ್ಲಿ ಮೇಟ್ ಬೆದರಿಕೆ, a8ನ ರೂಕ್ ಮೇಲೂ ಕಣ್ಣು. ಕಪ್ಪು Be6. ಬಿಳಿ 10.Qc6+ ಚೆಕ್. ಕಪ್ಪು Bd7. ಬಿಳಿ ಮತ್ತೆ 11.Qd5, ಅದೇ ಮೇಟ್ ಬೆದರಿಕೆ. ಆಗ ಬರುತ್ತೆ c4. f7ಗೆ ಬಿಷಪ್ ಕೊಡುತ್ತಿದ್ದ ಬೆಂಬಲ ಕಟ್, a8ನ ರೂಕ್‌ಗೆ ಈಗ ಕಪ್ಪು ಕ್ವೀನ್‌ನ ಕಾವಲಿದೆ. ಬಿಷಪ್ ಹೋಯಿತು, ಬದಲಿಗೆ ಸಿಗುವುದು ಎರಡು ಪಾನ್. 1929ರಲ್ಲಿ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಸ್ಟೈನರ್ ಇದೇ ಬಲೆಗೆ ಬಿದ್ದ. ಬಲೆ ಹಾಕಿದವನು ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ.

ಈಗ ಎಣಿಸಿ. ಎಂಜಿನ್ ಎಣಿಸುವುದು ‘ಪ್ಲೈ’ ಲೆಕ್ಕದಲ್ಲಿ, ಬಿಳಿಯದೊಂದು ಪ್ಲೈ, ಕಪ್ಪಿನದೊಂದು ಪ್ಲೈ. 8.Qxd4 ಒಂದನೇ ಪ್ಲೈ ಆದರೆ c4 ಎಂಟನೆಯದು, ಬಿಷಪ್ ಕೈಬಿಡುವುದು ಹತ್ತರಲ್ಲಿ. ಆರು ಪ್ಲೈಗೆ ನಿಲ್ಲುವ ಎಂಜಿನ್ Bd7 ಹತ್ತಿರ ನಿಂತು "ಕಾಯಿ ಸಮ, ಏನೂ ತೊಂದರೆ ಇಲ್ಲ" ಅನ್ನುತ್ತೆ. ಕ್ವೀನ್ ಸುಮ್ಮನೆ e3ಗೆ ಹೋಗಿದ್ದರೆ c4 ನಾಲ್ಕನೇ ಪ್ಲೈನಲ್ಲೇ ಬಂದು ಬಿಷಪ್ ಆರರಲ್ಲಿ ಹೋಗುತ್ತಿತ್ತು, ಎಂಜಿನ್‌ಗೆ ಕಾಣುತ್ತಿತ್ತು. Qd5, Qc6+ ಅಂತ ಕುಣಿದು ದೆವ್ವವನ್ನು ನಾಲ್ಕು ಪ್ಲೈ ಆಚೆ ತಳ್ಳಿತು ನೋಡಿ, ಅದೇ ‘ನಾಳೆ ಬಾ’.

"ನಿಂತ ಮೇಲೂ ಹೊಡೆದಾಟ ಇದ್ದರೆ ಅದನ್ನು ಮುಗಿಸಿಯೇ ಲೆಕ್ಕ ಹಾಕುತ್ತೆ ಕಣಯ್ಯಾ" ಅಂತ ತಿಳಿದವರು ಹೇಳ್ತೀರಿ. ನಿಜ, ಅದಕ್ಕೆ ಕ್ವೈಸೆನ್ಸ್ ಸರ್ಚ್ ಅಂತಾರೆ. ಆದರೆ ಅದು ಮುಖ್ಯವಾಗಿ ನೋಡುವುದು ಹೊಡೆತಗಳನ್ನು. c4 ಯಾರನ್ನೂ ಹೊಡೆಯುವುದಿಲ್ಲ. ಪಾಪದ ಒಂದು ಪಾನ್, ಒಂದು ಮನೆ ಮುಂದಕ್ಕೆ. ಬಲೆಯ ಬಾಯಿ ಮುಚ್ಚುವುದು ಯಾವಾಗಲೂ ಇಂಥ ಸದ್ದಿಲ್ಲದ ಮೂವೇ.

ಮುಂದಿನ ಕಾಮೆಂಟ್ ಏನು ಅಂತಲೂ ಗೊತ್ತು. "ಸಾರ್, ಯಾವ ಕಾಲದಲ್ಲಿದ್ದೀರಿ? ಈಗಿನ ಎಂಜಿನ್ ಸ್ಟಾಕ್‌ಫಿಶ್ ಹತ್ತು ಪ್ಲೈ ಅನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡುತ್ತೆ." ನೋಡುತ್ತೆ. ನನ್ನನ್ನು, ನಿಮ್ಮನ್ನು, ವಿಶ್ವ ಚಾಂಪಿಯನ್ನನ್ನು ಒಟ್ಟಿಗೆ ಕೂರಿಸಿ ಸೋಲಿಸುತ್ತೆ. ಅದರಿಂದ ನೋಟ ನಿಲ್ಲುವ ಗೋಡೆ ದೂರ ಹೋಯಿತೇ ಹೊರತು ಬಿದ್ದುಹೋಗಲಿಲ್ಲ. ಅಲ್ಲದೆ ಪರದೆ ಮೇಲೆ `depth 30` ಅಂತ ಕಂಡರೆ ಎಲ್ಲ ದಾರಿಗಳನ್ನೂ ಮೂವತ್ತರವರೆಗೆ ನೋಡಿದೆ ಅಂತ ಅಲ್ಲ. ಸಾಮಾನ್ಯ ಪೊಸಿಷನ್‌ನಲ್ಲಿ ಒಂದು ಸರದಿಗೆ ಮೂವತ್ತಕ್ಕೂ ಹೆಚ್ಚು ಮೂವ್ ಇರುತ್ತವೆ, ಎಲ್ಲವನ್ನೂ ನೋಡಲು ಯಾರಪ್ಪನಿಂದಲೂ ಆಗಲ್ಲ. ಚೆನ್ನಾಗಿ ಕಂಡದ್ದನ್ನು ಆಳಕ್ಕೆ ನೋಡುತ್ತೆ, ಪೆದ್ದುಪೆದ್ದಾಗಿ ಕಂಡದ್ದನ್ನು ಅರ್ಧಕ್ಕೇ ಬಿಡುತ್ತೆ.

ಪೆದ್ದಾಗಿ ಕಂಡದ್ದೇ ಸರಿಯಾದ ಮೂವ್ ಆಗಿದ್ದರೆ? 1998, ಸ್ಪೇನಿನ ಲಿನಾರೆಸ್ ಟೂರ್ನಮೆಂಟ್. ಟೊಪಲೋವ್ ವಿರುದ್ಧ ಶಿರೋವ್ 47ನೇ ಮೂವ್‌ನಲ್ಲಿ Bh3 ಆಡಿ, ಪಾನ್ ಬಾಯಿಗೇ ಬಿಷಪ್ ಕೊಟ್ಟ. ಬದಲಿಗೆ ಸಿಕ್ಕಿದ್ದು ತನ್ನ ರಾಜನಿಗೆ e4 ತಲುಪಲು ಬೇಕಿದ್ದ ಒಂದೇ ಒಂದು ಟೆಂಪೊ, ಅಂದರೆ ಒಂದು ಸರದಿಯ ಸಮಯ. ಆರು ಮೂವ್ ಕಳೆಯುವಷ್ಟರಲ್ಲಿ ಟೊಪಲೋವ್ ಶರಣು. ಆ ಕಾಲದ ಎಂಜಿನ್‌ಗಳಿಗೆ ಅದು ಹೊಳೆಯಲೇ ಇಲ್ಲ.

ಹುಡುಗನ ವಿಷಯಕ್ಕೆ ಬರ್ತೀನಿ. ಅವನದು ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಓಡಾಡುವ ಬಿಷಪ್‌ಗಳ ಆಟ. ಪಾನ್‌ಗಳ ಮುಂದೆ ಎದುರಾಳಿಯ ರಾಜ ಬಂಡೆ ಹಾಗೆ ಕೂತಿದ್ದಾನೆ, ಅವನ ಬಿಷಪ್ ಒಂದು ಕರ್ಣದ ಮೇಲೆ ಹೋಗಿ ಬಂದು ಮಾಡುತ್ತಿದೆ. ಹುಡುಗನ ಬಿಷಪ್ ಬೇರೆ ಬಣ್ಣದ್ದು, ಆ ಮನೆಗಳನ್ನು ಮುಟ್ಟುವ ಹಾಗೇ ಇಲ್ಲ. ಇದು ಕೋಟೆ. ಐವತ್ತು ಮೂವ್ ಕಾಲಾಡಿಸಿದರೆ ಡ್ರಾ ಕೇಳಬಹುದು, ಅಂದರೆ ನೂರು ಪ್ಲೈ. ಮೊಬೈಲಿನ ಎಂಜಿನ್ ನಿಂತಿದ್ದು ಇಪ್ಪತ್ತೆರಡಕ್ಕೆ. ಅಲ್ಲಿ ನಿಂತು ಎರಡು ಪಾನ್ ಎಣಿಸಿ ‘ಪ್ಲಸ್ ಎರಡು’ ಅಂತು. ಇಲ್ಲಿ ಗೋಡೆಯಾಚೆ ಇದ್ದದ್ದು ಹೊಂಡವಲ್ಲ, ಬರೀ ಬಯಲು.

ಕಂಡುಹಿಡಿಯೋದು ಕಷ್ಟವೇನಲ್ಲ ಸ್ವಾಮಿ, ಎರಡು ನಿಮಿಷ ತಾಳ್ಮೆ ಬೇಕು. ಎಂಜಿನ್ ಆಡಿದ ಹಾಗೇ ಹತ್ತು ಮೂವ್ ಬೋರ್ಡ್ ಮೇಲೆ ಆಡಿ, ಅಲ್ಲಿಂದ ಮತ್ತೆ ಲೆಕ್ಕ ಹಾಕಲು ಬಿಡಿ. ನಿಜವಾಗಿ ಗೆಲ್ಲುವ ಆಟವಾದರೆ ಅಂಕಿ ಸಾಮಾನ್ಯವಾಗಿ ಏರುತ್ತೆ. ಕೋಟೆಯಾದರೆ ಎರಡು ಎರಡಾಗಿಯೇ ಕೂತಿರುತ್ತೆ, ರಾಜ ಅಲ್ಲೇ ವಾಕಿಂಗ್ ಮಾಡುತ್ತಿರುತ್ತಾನೆ. ‘ನಾಳೆ ಬಾ’ ಕೇಸಾದರೆ ಸಮ ಇದ್ದದ್ದು ನಾಲ್ಕೇ ಮೂವ್‌ನಲ್ಲಿ ಪಾತಾಳಕ್ಕೆ ಬೀಳುತ್ತೆ. ಎಂಜಿನ್ ತೋರಿಸುವ ಸಾಲಿನಲ್ಲಿ ಅರ್ಥವಿಲ್ಲದ ಚೆಕ್‌ಗಳು, ಪುಕ್ಕಟೆ ಕೊಡುವ ಪಾನ್‌ಗಳು ಬಂದರಂತೂ ಯಾವುದೋ ದೆವ್ವ ಬಾಗಿಲಲ್ಲೇ ಇದೆ ಅಂತ ಅನುಮಾನ ಪಡಿ.

ಇಷ್ಟು ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಹೋದ ವರ್ಷ ನನ್ನ ಹತ್ತಿರ ಕಲಿಯುವ ಒಂದು ಹುಡುಗಿ ಎಕ್ಸ್‌ಚೇಂಜ್ ಬಿಟ್ಟುಕೊಟ್ಟು, ಅಂದರೆ ರೂಕ್ ಕೊಟ್ಟು ಬದಲಿಗೆ ಬಿಷಪ್ಪೋ ಕುದುರೆಯೋ ತಗೊಂಡು, ಆಡಿದ್ದಳು. ಎಂಜಿನ್ ಅಂಕಿ ತೋರಿಸುವ ಬಾರ್ ಕೆಳಗಿಳಿದದ್ದು ನೋಡಿ, ಎಲ್ಲರೆದುರು "ಇದು ಬ್ಲಂಡರ್ ಕಣಮ್ಮ" ಅಂದುಬಿಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಮುಂದಿನ ಗೇಮ್‌ಗೆ ಹೋದೆ. ರಾತ್ರಿ ಸುಮ್ಮನೆ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಚ್ಚಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಬಾರ್ ಮೇಲೇರಿತ್ತು. ಅವಳ ಮೂವೇ ಮೊದಲನೆಯದು.

ಆಮೇಲೆ ಎಷ್ಟೋ ಕ್ಲಾಸ್ ಆಯಿತು. ಇನ್ನೂ ಅವಳಿಗೆ ಹೇಳಿಲ್ಲ.